ತಂಗಿ ಓಡಿದ 60 ಮೀಟರ್ ಸ್ಪ್ಲಿಟ್ ಟೈಮ್ ಇದೆ, ಆಕ್ಸಿಲರೇಶನ್ ಮೂರು ಥರ ಬರ್ತಿದೆ, ಯಾವ್ದು ಸರಿ?

ಮದ್ದೂರು_ಮಧು

ಎಲ್ರಿಗೂ ನಮಸ್ಕಾರ. ನಮ್ ತಂಗಿ ಹತ್ತನೇ ಕ್ಲಾಸು, 100 ಮೀಟರ್ ಓಡ್ತಾಳೆ. ತಾಲ್ಲೂಕು ಮಟ್ಟದಲ್ಲಿ 13.6 ಸೆಕೆಂಡಿಗೆ ಎರಡನೇ ಸ್ಥಾನ ಬಂದ್ಲು, ಅದು ಸ್ಟಾಪ್‌ವಾಚ್ ಕೈಯಲ್ಲಿ ಒತ್ತಿದ ಟೈಮು. ಅವ್ಳಿಗೆ ಸ್ಟಾರ್ಟ್ ವೀಕಾ ಇಲ್ಲಾ ಟಾಪ್ ಸ್ಪೀಡೇ ಸಾಲ್ತಿಲ್ವಾ ಅಂತ ಮನೇಲಿ ದಿನಾ ವಾದ ಆಗ್ತಿತ್ತು, ಅದಕ್ಕೆ ಹೋದ್ ಭಾನುವಾರ ಬೆಳಿಗ್ಗೆ ಆರೂವರೆಗೇ ಮಂಡ್ಯ ಸ್ಟೇಡಿಯಂಗೆ ಕರ್ಕೊಂಡ್ ಹೋಗಿ ಅಳತೆ ಮಾಡೇ ಬಿಡೋಣ ಅಂತ ಕೂತ್ವಿ. ಟೇಪ್ ಹಿಡಿದು ಹತ್ ಹತ್ ಮೀಟರಿಗೆ ಒಂದೊಂದು ಕಬ್ಬಿನ ಜಲ್ಲೆ ನೆಟ್ಟು, ತುದೀಲಿ ಕೆಂಪು ಬಟ್ಟೆ ಕಟ್ಟಿದ್ವಿ. ಫೋನನ್ನ 30 ಮೀಟರ್ ಜಲ್ಲೆಗೆ ನೇರವಾಗಿ, ಟ್ರ್ಯಾಕಿಂದ 20 ಮೀಟರ್ ದೂರದಲ್ಲಿ ಬೈಕ್ ಸೀಟ್ ಮೇಲೆ ಇಟ್ಟು ಸ್ಲೋ ಮೋಶನಲ್ಲಿ ಹಿಡಿದಿದ್ದು, ಸೆಕೆಂಡಿಗೆ 240 ಫ್ರೇಮು. ನನ್ ಫ್ರೆಂಡು ಸ್ಟಾರ್ಟ್ ಲೈನ್ ಪಕ್ಕ ನಿಂತು ಚಪ್ಪಾಳೆ ತಟ್ಟಿದ್ದ, ಆ ಚಪ್ಪಾಳೆ ಫ್ರೇಮಿಂದ ಎಣಿಸಿದ್ರೆ ಟೈಮ್ ಹಿಂಗ್ ಬಂತು:

10 ಮೀ – 2.45
20 ಮೀ – 3.77
30 ಮೀ – 5.00
40 ಮೀ – 6.20
50 ಮೀ – 7.40
60 ಮೀ – 8.59

ಈಗ ತೊಂದ್ರೆ ಏನಪ್ಪಾ ಅಂದ್ರೆ, ಅವ್ಳಿಗೆ ಹೇಳ್ಕೊಡೋ ಮೇಷ್ಟ್ರು ಮೊದಲ 10 ಮೀಟರ್ ತಗೊಂಡು ಆಕ್ಸಿಲರೇಶನ್ 3.33 ಅಂದ್ರು. ನಾನು ಕೊನೇ ಹತ್ ಮೀಟರಿನ ಸ್ಪೀಡ್ 8.40 ನ 8.59 ಸೆಕೆಂಡಿಂದ ಭಾಗಿಸಿದೆ, 0.98 ಬಂತು. ನಮ್ ಮಾವನ ಮಗ 60 ನ 8.59 ರಿಂದ ಭಾಗಿಸಿ ಇನ್ನೊಂದ್ ಸಲ ಭಾಗಿಸಿ 0.81 ಅಂತಾನೆ. ಒಂದೇ ಓಟಕ್ಕೆ ಮೂರು ಉತ್ತರ ಹೆಂಗೆ? ಇನ್ನೊಂದು, ಅವ್ಳು ಎಷ್ಟನೇ ಮೀಟರಿಗೆ ಟಾಪ್ ಸ್ಪೀಡ್ ಮುಟ್ತಾಳೆ ಅಂತ ಈ ಟೈಮುಗಳಿಂದ ಹೇಳಕ್ಕಾಗುತ್ತಾ? ಗೊತ್ತಿರೋರು ದಯವಿಟ್ಟು ಹೇಳಿ, ಮುಂದಿನ ತಿಂಗ್ಳು ಜಿಲ್ಲಾ ಮಟ್ಟ ಇದೆ.

ಓವಲ್_ರಾಜಣ್ಣ

ತಮ್ಮಾ, ನಿಮ್ ಮೇಷ್ಟ್ರು ಹೇಳಿರೋದೇ ಸರಿ. ನಾನು ಮೈಸೂರಲ್ಲಿ ಕಾಲೇಜ್ ಓದೋವಾಗ ಓವಲ್ ಗ್ರೌಂಡಲ್ಲಿ ಓಡಿ ಬೆಳೆದವ್ನು, ಆಗ ನಮಗೂ ಇದೇ ಲೆಕ್ಕ ಹೇಳ್ಕೊಟ್ಟಿದ್ದು. ನಿಂತ ಜಾಗದಿಂದ ಶುರು ಮಾಡಿದ್ರೆ ದೂರ ಅಂದ್ರೆ ಅರ್ಧ ಆಕ್ಸಿಲರೇಶನ್ ಇಂಟು ಟೈಮಿನ ವರ್ಗ, ಅಂದ್ರೆ 10 ನ ಎರಡರಿಂದ ಗುಣಿಸಿ 2.45 ರ ವರ್ಗದಿಂದ ಭಾಗಿಸು, 3.33 ಬರುತ್ತೆ. ನೀನು ಮಾಡಿರೋದು ತಪ್ಪು, ಯಾಕಂದ್ರೆ ಕೊನೇ ಮೂವತ್ ಮೀಟರಲ್ಲಿ ಅವ್ಳ ಸ್ಪೀಡ್ ಏರ್ತಾನೇ ಇಲ್ಲ, ಆ ಟೈಮನ್ನೂ ಸೇರಿಸ್ಕೊಂಡು ಭಾಗಿಸಿದ್ರೆ ಕಮ್ಮಿ ಬರದೆ ಇನ್ನೇನು ಬಂದೀತು. ಮಾವನ ಮಗಂದು ಅದಕ್ಕಿಂತ ತಪ್ಪು, ಅದು ಸರಾಸರಿ ಸ್ಪೀಡನ್ನ ಕೊನೇ ಸ್ಪೀಡ್ ಅಂತ ತಿಳ್ಕೊಂಡಿರೋದು.

ಸುಮಾ_ಶ್ರೀರಂಗಪಟ್ಣ

ರಾಜಣ್ಣೋರೆ, ಮಧು ಲೆಕ್ಕದಲ್ಲೂ ಅವ್ರ ಮಾವನ ಮಗನ ಲೆಕ್ಕದಲ್ಲೂ ತಪ್ಪೆಲ್ಲಿದೆ ಅಂತ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದ್ರೆ 3.33 ನ ನಾನು ಒಪ್ಪಲ್ಲ, ಯಾಕೆ ಅಂತ ಮಧು ಕೊಟ್ಟಿರೋ ಟೈಮಿಂದಾನೇ ತೋರಿಸ್ತೀನಿ. (ಪಿಯು ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡ್ತೀನಿ, ನನ್ ಮಗಳೂ 200 ಓಡ್ತಾಳೆ, ಹಂಗಾಗಿ ಈ ವಿಷ್ಯ ಕಂಡ್ರೆ ಸುಮ್ನೆ ಹೋಗಕ್ಕಾಗಲ್ಲ.)

ನಿಮ್ಮ ಸೂತ್ರ ನಡಿಯೋದು ಆಕ್ಸಿಲರೇಶನ್ ಶುರುವಿಂದ ಕೊನೇವರ್ಗೂ ಒಂದೇ ಸಮ ಇದ್ದಾಗ ಮಾತ್ರ. ಹಂಗೆ ಇತ್ತು ಅಂತಾನೇ ಇಟ್ಕೊಳ್ಳಿ, ಆಗ 10 ಮೀಟರ್ ಜಲ್ಲೆ ದಾಟೋವಾಗ ಅವ್ಳ ಸ್ಪೀಡ್ 3.33 ಇಂಟು 2.45, ಅಂದ್ರೆ ಸೆಕೆಂಡಿಗೆ 8.16 ಮೀಟರ್ ಇರ್ಬೇಕು. ಈಗ ಮುಂದಿನ ಹತ್ ಮೀಟರ್ ನೋಡಿ: 2.45 ರಿಂದ 3.77 ವರೆಗೆ 1.32 ಸೆಕೆಂಡ್ ಆಗಿದೆ, ಸ್ಪೀಡ್ 7.58. ಅದರ ಮುಂದಿಂದು 8.13. ಅಂದ್ರೆ ಹುಡುಗಿ ಹತ್ತನೇ ಮೀಟರಲ್ಲಿ 8.16 ಇದ್ದು, ಆಮೇಲೆ ಬ್ರೇಕ್ ಹಾಕಿ, ತಿರ್ಗಾ ಏರಿಸ್ಕೊಂಡ್ಲು ಅಂತ ಆಯ್ತು. ಯಾರೂ ಹಂಗೆ ಓಡಲ್ಲ. ಸೂತ್ರ ತಪ್ಪಲ್ಲ, ಅದನ್ನ ಓಟಕ್ಕೆ ಹಾಕಿದ್ದು ತಪ್ಪು. ಓಟದಲ್ಲಿ ಮೊದಲ ಎರಡು ಮೂರು ಹೆಜ್ಜೇಲಿ ಆಕ್ಸಿಲರೇಶನ್ ತುಂಬಾ ಜಾಸ್ತಿ ಇರುತ್ತೆ, ಒಂದೊಂದ್ ಹೆಜ್ಜೆಗೂ ಇಳೀತಾ ಹೋಗುತ್ತೆ.

ಮಧು, ಒಂದು ಕೇಳ್ತೀನಿ. ಚಪ್ಪಾಳೆ ತಟ್ಟಿದ ಫ್ರೇಮಿಗೂ ನಿಮ್ ತಂಗಿ ಕೈ ನೆಲದಿಂದ ಮೇಲೆದ್ದ ಫ್ರೇಮಿಗೂ ನಡುವೆ ಎಷ್ಟು ಫ್ರೇಮ್ ಇದೆ? ವಿಡಿಯೋ ತೆಗೆದ ಫೋನಲ್ಲೇ ಎಣಿಸಿ, ವಾಟ್ಸಾಪಲ್ಲಿ ಕಳಿಸಿಕೊಂಡ ಕಾಪೀಲಿ ಬೇಡ, ಅದರಲ್ಲಿ ಫ್ರೇಮ್‌ಗಳು ಕಮ್ಮಿ ಆಗಿರ್ತವೆ.

ಕೆಆರ್‌ಎಸ್_ಕಿರಣ

ಇದಕ್ಕೆಲ್ಲಾ ಇಷ್ಟೊಂದ್ ತಲೆ ಕೆಡಿಸ್ಕೋಬೇಕಾ ಗುರು, ಉಸೇನ್ ಬೋಲ್ಟ್ ಬರ್ಲಿನ್‌ನಲ್ಲಿ 2009 ರಲ್ಲಿ 9.58 ಓಡ್ದಾಗ ಅವ್ನ ಅತಿ ಜಾಸ್ತಿ ಸ್ಪೀಡ್ ಬಂದಿದ್ದು 60 ರಿಂದ 80 ಮೀಟರ್ ನಡುವೆ. ನಿನ್ ತಂಗಿ 40 ಕ್ಕೇ ಮುಟ್ಟಿ ನಿಂತ್‌ಬಿಡ್ತಿದ್ದಾಳೆ ಅಂದ್ರೆ ಆಕ್ಸಿಲರೇಶನ್ ಬೇಗ ಮುಗೀತಿದೆ ಅಂತ ಅರ್ಥ. ಅವ್ಳಿಗೆ 60 ವರೆಗೂ ಏರಿಸ್ಕೊಂಡ್ ಹೋಗೋ ಥರ ಟ್ರೈನಿಂಗ್ ಕೊಡ್ಸಿ.

ಮದ್ದೂರು_ಮಧು

ಸುಮಾ ಅಕ್ಕ, ಈಗಷ್ಟೇ ಕೂತ್ಕೊಂಡು ಒಂದೊಂದೇ ಫ್ರೇಮ್ ತಳ್ಕೊಂಡು ಎಣಿಸ್ದೆ, ಎರಡು ಸಲ. ಅವ್ನ ಅಂಗೈಗಳು ಸೇರಿದ ಫ್ರೇಮಿಂದ ಅವ್ಳ ಬಲಗೈ ಬೆರಳು ಮಣ್ಣಿಂದ ಎದ್ದಿದ್ದು 60 ನೇ ಫ್ರೇಮಿಗೆ. ಬೆರಳು ಎದ್ದಾಗ ಒಂಚೂರು ಧೂಳು ಕೂಡ ಕಾಣುತ್ತೆ, ಅದಕ್ಕೇ ಇದರಲ್ಲಿ ಅನುಮಾನ ಇಲ್ಲ. 60 ಭಾಗ 240, ಅಂದ್ರೆ 0.25 ಸೆಕೆಂಡ್. ಇದು ರಿಯಾಕ್ಷನ್ ಟೈಮ್ ಅಲ್ವಾ? ಇದನ್ನ ಕಳೀಬೇಕಾ?

ಕಿರಣ್, ನೀನು ಹೇಳಿದ್ದು ನೋಡಿ ನನಗೂ ಭಯ ಆಯ್ತು ಕಣೋ.

ಸುಮಾ_ಶ್ರೀರಂಗಪಟ್ಣ

ಹೂಂ, ಕಳೀಬೇಕು. ಆ 0.25 ಸೆಕೆಂಡಲ್ಲಿ ಅವ್ಳು ಒಂದಿಂಚೂ ಮುಂದೆ ಹೋಗಿಲ್ಲ, ಕಿವಿಗೆ ಬಿದ್ದ ಸದ್ದು ಕಾಲಿಗೆ ಮುಟ್ಟೋ ಟೈಮು ಅದು. ರೇಸಲ್ಲಿ ಅದೂ ಲೆಕ್ಕಕ್ಕೆ ಬರುತ್ತೆ ನಿಜ, ಆದ್ರೆ ಆಕ್ಸಿಲರೇಶನ್ ಕೇಳಿದಾಗ ಬರಬಾರ್ದು. ಕಳೆದ ಮೇಲೆ ಟೈಮುಗಳು 2.20, 3.52, 4.75, 5.95, 7.15, 8.34. ಗಮನಿಸಿ, ಬದಲಾಗಿದ್ದು ಮೊದಲ ಹತ್ ಮೀಟರಿಗೆ ಹಿಡಿದ ಟೈಮು ಮಾತ್ರ, ಆಮೇಲಿನ ಒಂದೊಂದ್ ಹತ್ ಮೀಟರಿಗೂ ಹಿಡಿದ ಟೈಮು ಹಂಗೇ ಇದೆ:

10–20: 1.32 ಸೆಕೆಂಡ್, ಸ್ಪೀಡ್ 7.58
20–30: 1.23 ಸೆಕೆಂಡ್, ಸ್ಪೀಡ್ 8.13
30–40: 1.20 ಸೆಕೆಂಡ್, ಸ್ಪೀಡ್ 8.33
40–50: 1.20 ಸೆಕೆಂಡ್, ಸ್ಪೀಡ್ 8.33
50–60: 1.19 ಸೆಕೆಂಡ್, ಸ್ಪೀಡ್ 8.40

ಇಲ್ಲಿ ಸುಮಾರು ಜನ ಎಡವೋ ಜಾಗ ಒಂದಿದೆ. 7.58 ಅನ್ನೋದು 20 ನೇ ಮೀಟರಿನ ಸ್ಪೀಡ್ ಅಲ್ಲ, 10 ನೇ ಮೀಟರಿಂದೂ ಅಲ್ಲ. ಅದು ಆ ಹತ್ತು ಮೀಟರಿನ ಸರಾಸರಿ, ಹಂಗಾಗಿ ಅದನ್ನ 2.20 ಕ್ಕೂ 3.52 ಕ್ಕೂ ನಡುವಿನ ಟೈಮಿಗೆ, ಅಂದ್ರೆ 2.86 ಸೆಕೆಂಡಿಗೆ ಬರ್ಕೋಬೇಕು. ಹಂಗೇ 8.13 ನ 4.135 ಸೆಕೆಂಡಿಗೆ. ಈಗ ಇವೆರಡರ ನಡುವಿನ ಆಕ್ಸಿಲರೇಶನ್ ತೆಗೀರಿ: ಸ್ಪೀಡ್ 0.55 ಏರಿದೆ, ಅದಕ್ಕೆ 1.275 ಸೆಕೆಂಡ್ ಹಿಡಿದಿದೆ, ಅಂದ್ರೆ ಬರೀ 0.43. ಆದ್ರೆ ಸೊನ್ನೆಯಿಂದ 2.86 ಸೆಕೆಂಡಿನವರೆಗೆ ನೋಡಿದ್ರೆ 7.58 ಭಾಗ 2.86, 2.65 ಬರುತ್ತೆ. ಒಂದೇ ಹುಡುಗಿ, ಒಂದೇ ಓಟ, ಮೂರು ಸೆಕೆಂಡ್ ಒಳಗೆ 2.65 ಇದ್ದಿದ್ದು ಆಮೇಲೆ ಅರ್ಧಕ್ಕಿಂತ ಕೆಳಗೆ ಬಿತ್ತು. ಮಧು, ನಿಮ್ಮನೇಲಿ ಮೂರು ಉತ್ತರ ಬರಕ್ಕೆ ಅರ್ಧ ಕಾರಣ ಲೆಕ್ಕದ ತಪ್ಪು, ಇನ್ನರ್ಧ ಕಾರಣ ಎಲ್ಲಿಂದ ಎಲ್ಲೀವರ್ಗೂ ಅಂತ ಯಾರೂ ಹೇಳ್ದೆ ಇದ್ದಿದ್ದು.

ಓವಲ್_ರಾಜಣ್ಣ

ಒಪ್ಪಿದೆ ಮೇಡಂ, ಸ್ಪೀಡ್ ಇಳಿದು ಮತ್ತೆ ಏರಿದ ಥರ ಬರುತ್ತೆ ಅನ್ನೋದನ್ನ ನಾನು ಯಾವತ್ತೂ ಮುಂದಿನ ಸ್ಪ್ಲಿಟ್ ಜೊತೆ ಇಟ್ಟು ನೋಡಿರ್ಲಿಲ್ಲ. ಆದ್ರೆ ಹಿಂಗೇ ನಡುವಿನ ಟೈಮಿಗೆ ಬರ್ಕೊಳ್ಳೋ ಉಪಾಯಾನ ಮೊದಲ 10 ಮೀಟರಿಗೂ ಹಾಕ್ಬೋದಲ್ವಾ, 10 ಭಾಗ 2.20, 4.55 ಬರುತ್ತೆ, ಅದನ್ನ 1.10 ಸೆಕೆಂಡಿಗೆ ಬರೆದ್ರೆ ಶುರುವಿನ ಆಕ್ಸಿಲರೇಶನ್ 4.1 ಅಂತ ಆಯ್ತಲ್ಲ.

ಸುಮಾ_ಶ್ರೀರಂಗಪಟ್ಣ

ಅಲ್ಲೇ ಆ ಉಪಾಯ ಕೈ ಕೊಡೋದು. ನಡುವಿನ ಟೈಮಿಗೆ ಬರೆಯೋದು ಸರಿ ಹೋಗೋದು ಆ ತುಂಡಲ್ಲಿ ಸ್ಪೀಡ್ ಹೆಚ್ಚುಕಮ್ಮಿ ನೇರವಾಗಿ ಏರಿದ್ರೆ. ಮೊದಲ ಹತ್ ಮೀಟರಲ್ಲಿ ಅದು ಮೊದಲು ಸರ್ರಂತ ಏರಿ ಆಮೇಲೆ ಬಾಗುತ್ತೆ, ಹಂಗಾಗಿ 1.10 ಸೆಕೆಂಡಿಗೆ ಅವ್ಳ ನಿಜವಾದ ಸ್ಪೀಡ್ 4.55 ಕ್ಕಿಂತ ಜಾಸ್ತಿನೇ ಇರುತ್ತೆ. ಶುರುವಿನ ಜೋರು ತಿಳ್ಕೊಳ್ಳೋಕೆ ಬೇರೆ ದಾರಿ ಇದೆ, ಅದು ನನಗೆ ತುಂಬಾ ಇಷ್ಟವಾದ ಲೆಕ್ಕ, ನಿಧಾನವಾಗಿ ಹೇಳ್ತೀನಿ.

ಮಧು, 40 ರಿಂದ 60 ಕ್ಕೆ ಅವ್ಳು ಹಿಡಿದ ಟೈಮ್ 2.39 ಸೆಕೆಂಡ್. ಅಂದ್ರೆ ಟಾಪ್ ಸ್ಪೀಡ್ 8.37 ಅಂತ ಇಟ್ಕೊಳ್ಳೋಣ. ಕೊನೇ ಹತ್ ಮೀಟರಿನ 8.40 ನ ಒಂದನ್ನೇ ನಂಬಬೇಡಿ, 1.20 ಕ್ಕೂ 1.19 ಕ್ಕೂ ಇರೋ ವ್ಯತ್ಯಾಸ ಎರಡೇ ಎರಡು ಫ್ರೇಮು. ಈಗ ಕಲ್ಪನೆ ಮಾಡ್ಕೊಳ್ಳಿ, ಅವ್ಳು ಸ್ಟಾರ್ಟ್ ಲೈನಿಂದಾನೇ 8.37 ಸ್ಪೀಡಲ್ಲಿ ಹೊರಟಿದ್ರೆ 60 ಮೀಟರಿಗೆ 7.17 ಸೆಕೆಂಡ್ ಸಾಕಿತ್ತು. ನಿಜವಾಗಿ ಹಿಡಿದಿದ್ದು 8.34. ವ್ಯತ್ಯಾಸ 1.17 ಸೆಕೆಂಡ್. ಸ್ಪೀಡ್ ಏರಿಸ್ಕೊಳ್ಳೋಕೆ ಅಂತ ಅವ್ಳು ಕಳ್ಕೊಂಡ ಟೈಮು ಅದು. ಟಾಪ್ ಸ್ಪೀಡನ್ನ ಈ ಕಳ್ಕೊಂಡ ಟೈಮಿಂದ ಭಾಗಿಸಿದ್ರೆ 7.15 ಬರುತ್ತೆ, ಅದೇ ಕಾಲು ಕಿತ್ತ ಆ ಮೊದಲ ಗಳಿಗೆಯ ಆಕ್ಸಿಲರೇಶನ್. ರಾಜಣ್ಣೋರೆ, ನಿಮ್ಮ 4.1 ಎಲ್ಲಿ, 7 ಎಲ್ಲಿ ನೋಡಿ.

ಇದು ಎಲ್ಲಿಂದ ಬಂತು ಅಂದ್ರೆ, 1927 ರಲ್ಲಿ ಎ.ವಿ. ಹಿಲ್ ಮತ್ತೆ ಅವ್ರ ಜೊತೆಯವ್ರು ಓಟಗಾರರ ಮೈಗೆ ಅಯಸ್ಕಾಂತ ಕಟ್ಟಿ, ಟ್ರ್ಯಾಕ್ ಪಕ್ಕ ತಂತಿ ಸುರುಳಿಗಳನ್ನ ಇಟ್ಟು, ಒಂದೊಂದ್ ಸುರುಳಿ ದಾಟಿದ ಟೈಮ್ ಬರ್ಕೊಂಡ್ರು. ನೀವು ಕಬ್ಬಿನ ಜಲ್ಲೇಲಿ ಮಾಡಿದ್ದನ್ನೇ. ಸ್ಪೀಡ್ ಟಾಪ್ ಕಡೆಗೆ ಏರೋ ರೀತಿ ಒಂದು ಬಾಗಿದ ಗೆರೆಗೆ ಚೆನ್ನಾಗಿ ಕೂರುತ್ತೆ ಅಂತ ಅವ್ರಿಗೆ ಕಾಣ್ತು: ಟಾಪ್‌ಗೆ ಇನ್ನೂ ಎಷ್ಟು ಬಾಕಿ ಇದೆಯೋ ಅದಕ್ಕೆ ತಕ್ಕಷ್ಟೇ ಏರೋದು, ಬಾಕಿ ಕಮ್ಮಿ ಆದಂಗೆ ಏರೋದೂ ಕಮ್ಮಿ. ಆ ಗೆರೇಲಿ ನಮ್ಮ 1.17 ಸೆಕೆಂಡಿಗೆ ಟಾಪ್‌ನ 63 ಭಾಗ ಬಂದಿರುತ್ತೆ, ಅದರ ಮೂರರಷ್ಟು ಟೈಮಿಗೆ ನೂರಕ್ಕೆ 95.

ನಂಬಬೇಕು ಅಂದ್ರೆ ತಾಳೆ ನೋಡಬೇಕು. ಶೀಟಲ್ಲಿ A2 ಇಂದ ಕೆಳಕ್ಕೆ 0.25 ಕಳೆದ ನಿಮ್ಮ ಟೈಮ್ ಹಾಕಿ, ಪಕ್ಕದ ಕಾಲಮ್‌ಗೆ ಇದನ್ನ ಹಾಕಿ, ಆ ಟೈಮಿಗೆ ಅವ್ಳು ಎಷ್ಟನೇ ಮೀಟರಲ್ಲಿ ಇರ್ಬೇಕು ಅಂತ ಹೇಳುತ್ತೆ:

```
=8.37*(A2-1.17*(1-EXP(-A2/1.17)))
```

ಮದ್ದೂರು_ಮಧು

ಅಕ್ಕಾ ಹಾಕ್ದೆ. 10.1, 20.2, 30.1, 40.1, 50.1, 60.0 ಬಂತು! ಒಂದ್ ಗೇಣು ಕೂಡ ವ್ಯತ್ಯಾಸ ಇಲ್ವಲ್ಲ, ಮೈ ಜುಮ್ ಅಂತು. ಹಂಗೇ ಕುತೂಹಲಕ್ಕೆ 0.25 ಕಳೀದೇನೂ ಮಾಡಿ ನೋಡ್ದೆ. ಆಗ ಕಳ್ಕೊಂಡ ಟೈಮ್ 1.42 ಆಗುತ್ತೆ, ಅದನ್ನ ಹಾಕಿದ್ರೆ 10.7, 20.5, 30.3, 40.2 ಅಂತ ಬಂತು. ಮೊದಲ ಜಲ್ಲೇಲಿ ಮುಕ್ಕಾಲು ಮೀಟರ್ ತಪ್ಪು, ಹೋಗ್ತಾ ಹೋಗ್ತಾ ಸರಿ ಆಗ್ತಾ ಬರುತ್ತೆ. ಇದು ಯಾಕೆ?

ಸುಮಾ_ಶ್ರೀರಂಗಪಟ್ಣ

ಆ ಪ್ರಯೋಗ ನೀವೇ ಮಾಡಿದ್ದು ನೋಡಿ ತುಂಬಾ ಖುಷಿ ಆಯ್ತು ಮಧು. ಅದೇ ಗುರುತು. ಶುರುವಿನ ಟೈಮಲ್ಲಿ ಏನೋ ಎಡವಟ್ಟಾಗಿದ್ರೆ ತಪ್ಪು ಮೊದಲ ಜಲ್ಲೇಲಿ ದೊಡ್ಡದಾಗಿದ್ದು ಮುಂದೆ ಮುಂದೆ ಕರಗುತ್ತೆ. ಯಾರಾದ್ರೂ ನಿಮಗೆ ಸ್ಪ್ಲಿಟ್ ಕೊಟ್ಟು ರಿಯಾಕ್ಷನ್ ಸೇರಿದ್ಯೋ ಇಲ್ವೋ ಹೇಳ್ದೆ ಹೋದ್ರೂ ಹಿಂಗೆ ಕಂಡು ಹಿಡೀಬೋದು. ಕಳೀದೆ ಬಿಟ್ಟಿದ್ರೆ ಶುರುವಿನ ಆಕ್ಸಿಲರೇಶನ್ 7.15 ರ ಬದಲು 5.9 ಅಂತ ಬಂದು, ಸ್ಟಾರ್ಟ್ ವೀಕು ಅಂತ ಪಾಪ ಆ ಮಗೂನ ಬೈತಿದ್ರಿ.

ಪಾಂಡವಪುರದ_ಜವರಪ್ಪ

ಎಲ್ರಿಗೂ ಶರಣು. ನಮ್ ಕಡೆ ಎತ್ತಿನಗಾಡಿ ಓಟ ನಡೀತದಲ್ಲ, ನಮ್ದೂ ಒಂದ್ ಜೋಡಿ ಹಳ್ಳಿಕಾರ್ ಅವೆ. ಹೋದ್ ಸಲ 100 ಮೀಟರ್ ಎಷ್ಟ್ ಸೆಕೆಂಡ್ ಅಂತ ಒಬ್ಬ ಹುಡ್ಗ ಫೋನಲ್ಲಿ ಒತ್ತಿ ಹೇಳ್ದ, ಬರ್ದಿಟ್ಕಂಡಿವ್ನಿ. ಅದೊಂದ್ ಟೈಮಿಂದ ನನ್ ಎತ್ತುಗಳು ಎಲ್ಲಿ ಪೂರ್ತಿ ಓಟ ಹಿಡೀತವೆ ಅಂತ ಹೇಳಕ್ಕಾಗ್ತದಾ ಅಮ್ಮಾ? ಎಡಗಡೆ ಎತ್ತು ಶುರುಲಿ ಹಿಂದ್ಗಡೆ ಬೀಳ್ತದೆ, ಆಮೇಕೆ ಅದೇ ಎಳ್ಕಂಡ್ ಹೋಗ್ತದೆ, ಅದೇ ನಂಗೆ ಚಿಂತೆ.

ಸುಮಾ_ಶ್ರೀರಂಗಪಟ್ಣ

ಜವರಪ್ಪಣ್ಣ, ಒಂದೇ ಟೈಮಿಂದ ಆಗಲ್ಲ. ನಿಧಾನಕ್ಕೆ ಶುರು ಮಾಡಿ ಕೊನೇಲಿ ಜೋರಾಗಿ ಹೋದ ಜೋಡೀಗೂ, ಜೋರಾಗಿ ಹೊರಟು ಸುಸ್ತಾದ ಜೋಡೀಗೂ 100 ಮೀಟರಿಗೆ ಒಂದೇ ಟೈಮ್ ಬರ್ಬೋದು. ನೀವೂ 20 ಮೀಟರಿಗೊಂದು ಬಾವುಟ ನೆಟ್ಟು ವಿಡಿಯೋ ತೆಗ್ಸಿ. ಆದ್ರೆ ನಾನು ಮೇಲೆ ಹೇಳಿದ ಬಾಗಿದ ಗೆರೆ ಮನುಷ್ಯರ ಓಟಕ್ಕೆ ನೋಡಿರೋದು, ಎತ್ತು ಗಾಡಿ ಎರಡೂ ಸೇರಿದಾಗ ಅದೇ ಕೂರುತ್ತೆ ಅಂತ ಇಟ್ಕೋಬೇಡಿ. ಬರೀ ಒಂದೊಂದ್ 20 ಮೀಟರಿನ ಸ್ಪೀಡ್ ಬರ್ಕೊಂಡು ಹೋಗಿ, ಯಾವ ತುಂಡಿಂದ ಮುಂದೆ ಏರೋದು ನಿಲ್ತದೆ ಅಂತ ಅಷ್ಟರಲ್ಲೇ ಕಾಣುತ್ತೆ. ಎಡಗಡೆ ಎತ್ತಿನ ವಿಷ್ಯ ಸ್ಪ್ಲಿಟ್ ಟೈಮ್ ಹೇಳಲ್ಲ, ನೊಗ ಕಟ್ಟಿದ ಮೇಲೆ ಎರಡಕ್ಕೂ ಒಂದೇ ಟೈಮು.

ಮದ್ದೂರು_ಮಧು

ಅಕ್ಕಾ, ಈಗ ನನ್ನ ಎರಡನೇ ಪ್ರಶ್ನೆ. ಎಷ್ಟನೇ ಮೀಟರಿಗೆ ಟಾಪ್ ಸ್ಪೀಡ್? ಸ್ಪ್ಲಿಟ್ ನೋಡಿದ್ರೆ 30–40 ರಲ್ಲಿ 8.33 ಆಗೋಯ್ತು, ಹಂಗಾದ್ರೆ 40 ಅನ್ನಲಾ? ಇಲ್ಲಾ 8.40 ಬಂದಿದ್ದು 50–60 ರಲ್ಲಿ, 60 ಅನ್ನಲಾ?

ಸುಮಾ_ಶ್ರೀರಂಗಪಟ್ಣ

ಈ ಪ್ರಶ್ನೆಗೆ ಒಂದೇ ನಂಬರ್ ಕೊಡೋರನ್ನ ನಂಬಬೇಡಿ. ಆ ಬಾಗಿದ ಗೆರೆ ಟಾಪ್ ಹತ್ರ ಹೋಗ್ತಾನೇ ಇರುತ್ತೆ, ಪೂರ್ತಿ ಮುಟ್ಟೋ ಜಾಗ ಅಂತ ಒಂದಿಲ್ಲ. ಸ್ಪ್ಲಿಟ್ ನೋಡಿ ಹೇಳಕ್ಕೆ ಹೋದ್ರೆ ಎರಡು ಫ್ರೇಮ್ ಆ ಕಡೆ ಈ ಕಡೆ ಆದ್ರೆ ಉತ್ತರ 40 ರಿಂದ 60 ಕ್ಕೆ ಹಾರುತ್ತೆ, ನಿಮಗೆ ಆಗಿರೋದೇ ಅದು. ಅದಕ್ಕೇ ನೂರಕ್ಕೆ ಎಷ್ಟು ಅಂತ ಮೊದಲೇ ಗೊತ್ತು ಮಾಡ್ಕೋಬೇಕು. ಟಾಪ್ ಸ್ಪೀಡ್ ಇಂಟು ಕಳ್ಕೊಂಡ ಟೈಮು, 8.37 ಇಂಟು 1.17, ಅಂದ್ರೆ 9.8 ಮೀಟರ್. ಇದರ 2.05 ರಷ್ಟು ದೂರಕ್ಕೆ 95 ಭಾಗ ಬಂದಿರುತ್ತೆ, 3.6 ರಷ್ಟಕ್ಕೆ 99 ಭಾಗ. ನಿಮ್ ತಂಗಿಗೆ 95 ಭಾಗ 20 ನೇ ಮೀಟರಿಗೆ, 99 ಭಾಗ 35 ನೇ ಮೀಟರಿಗೆ. ಆ ಕೊನೇ ನಾಲ್ಕು ಭಾಗಕ್ಕೆ ಇನ್ನೂ ಹದಿನೈದು ಮೀಟರ್ ಬೇಕಾಯ್ತು ನೋಡಿ.

ಸರಾಸರಿ ಆಕ್ಸಿಲರೇಶನ್ನೂ ಹಿಂಗೇ. 10 ನೇ ಮೀಟರ್‌ವರೆಗೆ ಅಂದ್ರೆ 3.2, 95 ಭಾಗದವರೆಗೆ ಅಂದ್ರೆ 2.3, 99 ಭಾಗದವರೆಗೆ ಅಂದ್ರೆ 1.5. ಮೂರೂ ಸರಿ. ಆದ್ರೆ ಹೋದ್ ತಿಂಗ್ಳು 2.3 ಇತ್ತು ಈ ತಿಂಗ್ಳು 3.2 ಆಯ್ತು ಅಂತ ಖುಷಿ ಪಡೋ ಮುಂಚೆ ಎರಡೂ ಸಲ ಒಂದೇ ದೂರ ತಗೊಂಡಿದ್ರಾ ಅಂತ ನೋಡ್ಕೊಳ್ಳಿ.

ಕಿರಣ್, ಬೋಲ್ಟ್ ವಿಷ್ಯ ನೀವು ಹೇಳಿದ್ದು ನಿಜ, ಆದ್ರೆ ಅದರಿಂದ ನೀವು ತೆಗೆದ ಅರ್ಥ ಬೇರೆ ಆಯ್ತು. ಬರ್ಲಿನ್ ಓಟದ 20 ಮೀಟರ್ ಸ್ಪ್ಲಿಟ್ 2.89, 4.64, 6.31, 7.92, 9.58, ಅವ್ರ ರಿಯಾಕ್ಷನ್ 0.146. 60–80 ನ 1.61 ಸೆಕೆಂಡಲ್ಲಿ ದಾಟಿದ್ರು, ಸ್ಪೀಡ್ 12.42. ಈಗ ಅದೇ ಲೆಕ್ಕ ಹಾಕಿ: 80 ಮೀಟರಿಗೆ 12.42 ರಲ್ಲಿ 6.44 ಸೆಕೆಂಡ್ ಸಾಕು, ರಿಯಾಕ್ಷನ್ ಕಳೆದು ಹಿಡಿದಿದ್ದು 7.77. ಕಳ್ಕೊಂಡ ಟೈಮ್ 1.33. ಮಧು ತಂಗೀದು 1.17!

ಕೆಆರ್‌ಎಸ್_ಕಿರಣ

ಏನು? ಅಂದ್ರೆ ಇವ್ರ ತಂಗಿ ಬೋಲ್ಟ್‌ಗಿಂತ ಬೇಗ ಆಕ್ಸಿಲರೇಟ್ ಮಾಡ್ತಾಳೆ ಅಂತಾನಾ ಮೇಡಂ? ಇದು ಒಪ್ಪಕ್ಕಾಗಲ್ಲ.

ಸುಮಾ_ಶ್ರೀರಂಗಪಟ್ಣ

ಇಲ್ಲ, ಅವ್ಳು ತನ್ನ ಟಾಪ್ ಸ್ಪೀಡಿಗೆ ಬೇಗ ಮುಟ್ತಾಳೆ ಅಂತ, ಯಾಕಂದ್ರೆ ಆ ಟಾಪ್ ಕೆಳಗಿದೆ. ಬೋಲ್ಟ್ ಶುರುವಿನ ಆಕ್ಸಿಲರೇಶನ್ ಇದೇ ರೀತೀಲಿ 12.42 ಭಾಗ 1.33, ಅಂದ್ರೆ 9.3 ಬರುತ್ತೆ, ಅವ್ಳದು 7.15. ಬೆಟ್ಟ ಎತ್ತರ ಇದ್ದಷ್ಟೂ ದಾರಿ ಉದ್ದ. ಬೋಲ್ಟ್‌ದು 20–40 ರ ಸರಾಸರಿ ಅವ್ರ ಟಾಪ್‌ನ 92 ಭಾಗ, 40–60 ರದ್ದು ಸುಮಾರು 96 ಭಾಗ, ಹಂಗಾಗಿ 95 ಭಾಗ ಬಂದಿದ್ದು 40 ನೇ ಮೀಟರ್ ಆಸುಪಾಸು. ಇಲ್ಲಿ ನಾನು ಸ್ಪ್ಲಿಟ್ಟನ್ನೇ ನೋಡ್ತಿದ್ದೀನಿ, ಬಾಗಿದ ಗೆರೇನಲ್ಲ, ಯಾಕಂದ್ರೆ ಗೆರೆ 34 ಅನ್ನುತ್ತೆ. ಅವ್ರು 80 ವರೆಗೂ ಸಣ್ಣಗೆ ಏರ್ತಾ ಹೋದ್ರು, ಆ ಥರದ ಓಟಕ್ಕೆ ಗೆರೆ ಅಷ್ಟು ಚೆನ್ನಾಗಿ ಕೂರಲ್ಲ. ಅದು ಈ ಲೆಕ್ಕದ ಮಿತಿ. 80 ಆದ್ಮೇಲೆ ಸ್ಪೀಡ್ ಇಳಿದಿದ್ದನ್ನಂತೂ ಅದು ಹೇಳೋದೇ ಇಲ್ಲ.

ಅದಕ್ಕೇ 20 ನೇ ಮೀಟರಿಗೆ 95 ಭಾಗ ಬಂತು ಅನ್ನೋದು ಅವ್ಳ ಕೊರತೆ ಅಲ್ಲ. ಬೇಕಂತ ನಿಧಾನವಾಗಿ ಏರಿಸಿ 60 ಕ್ಕೆ ಮುಟ್ಟಿಸಿದ್ರೆ ಕಳ್ಕೊಳ್ಳೋ ಟೈಮ್ ಜಾಸ್ತಿ ಆಗುತ್ತೆ ಅಷ್ಟೇ.

ಓವಲ್_ರಾಜಣ್ಣ

ಹಂಗಾದ್ರೆ ಮನೆಯವ್ರ ವಾದಕ್ಕೆ ಉತ್ತರ ಸ್ಟಾರ್ಟ್ ಅಲ್ಲ, ಟಾಪ್ ಸ್ಪೀಡು ಅಂತ ಆಯ್ತಾ? ನಾನು ಪೂರ್ತಿ ಒಪ್ಪಲ್ಲ ಮೇಡಂ. ಸ್ಟಾರ್ಟಲ್ಲಿ ಬಲ ಇದ್ದೋರಿಗೇ ಟಾಪೂ ಮೇಲೆ ಹೋಗೋದು, ಎರಡನ್ನೂ ಬೇರೆ ಮಾಡಿ ನೋಡೋದು ಗ್ರೌಂಡಲ್ಲಿ ನಡಿಯಲ್ಲ. ಚಪ್ಪಾಳೆಗೆ 0.25 ಅಂದ್ರೆ ಅದೂ ನಿಧಾನವೇ, ಅದನ್ನ ಮೊದ್ಲು ಸರಿ ಮಾಡ್ಸಿ. ಇನ್ನೊಂದು ಮಾತು, ಜಲ್ಲೆ ನೆಟ್ಟಿದ್ದು ಎಲ್ಲಿ, ಅವ್ಳು ಓಡೋ ಗೆರೆ ಮೇಲಾ ಪಕ್ಕದಲ್ಲಾ? ನಮ್ ಕಾಲದಲ್ಲಿ ಫಿನಿಶ್ ನೋಡೋ ಜಡ್ಜು ಗೆರೆಗೆ ನೇರ ಕೂರದೆ ಓರೆ ಕೂತ್ರೆ ಎಷ್ಟು ಜಗಳ ಆಗೋದು ಗೊತ್ತಾ, ನಿನ್ ಫೋನು ಆರೂ ಜಲ್ಲೆಗೆ ನೇರ ಇರಕ್ಕೆ ಸಾಧ್ಯವೇ ಇಲ್ಲ.

ಸುಮಾ_ಶ್ರೀರಂಗಪಟ್ಣ

ಅಯ್ಯೋ ರಾಜಣ್ಣೋರೆ, ನಾನು ಮೊದಲೇ ಕೇಳ್ಬೇಕಾಗಿದ್ದ ಪ್ರಶ್ನೆ ಇದು. ಮಧು, ಹೇಳಿ.

ಮದ್ದೂರು_ಮಧು

ಜಲ್ಲೆ ಅವ್ಳ ಲೇನಿನ ಸುಣ್ಣದ ಗೆರೆ ಮೇಲೆ, ಫೋನ್ ಇದ್ದ ಕಡೆಗೆ. ಅವ್ಳು ಲೇನ್ ಮಧ್ಯೆ ಓಡಿದ್ದು, ಅಂದ್ರೆ ಜಲ್ಲೆಗೂ ಅವ್ಳಿಗೂ ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ. ಅಷ್ಟಕ್ಕೆಲ್ಲಾ ಏನ್ ಆಗುತ್ತೆ?

ಸುಮಾ_ಶ್ರೀರಂಗಪಟ್ಣ

ಆಗುತ್ತೆ. 60 ಸೆಂಟಿಮೀಟರ್ ಅಂತ ಇಟ್ಕೊಳ್ಳಿ. ಫೋನಿಂದ ಅವ್ಳ ದಾರಿಗೆ 20 ಮೀಟರ್, ಜಲ್ಲೆ ಸಾಲಿಗೆ 19.4. ಫೋನ್ ಕಣ್ಣಿಂದ 60 ರ ಜಲ್ಲೆ ಮೇಲೆ ಹಾದು ಹೋಗೋ ಗೆರೆ ಓರೆಯಾಗಿ ಮುಂದುವರಿದು ಅವ್ಳ ದಾರಿಗೆ ಸೇರೋದು ಸುಮಾರು 61 ನೇ ಮೀಟರಲ್ಲಿ. 10 ರ ಜಲ್ಲೇದು 9.4 ರಲ್ಲಿ. ಅಂದ್ರೆ ಮೊದಲ ತುಂಡು ಬಿಟ್ರೆ, ನೀವು ಹತ್ತು ಮೀಟರ್ ಅಂದ್ಕೊಂಡ ಒಂದೊಂದ್ ತುಂಡೂ ನಿಜವಾಗಿ 10.3 ಮೀಟರ್. ಟಾಪ್ ಸ್ಪೀಡ್ 8.37 ಅಲ್ಲ, 8.6 ಇರ್ಬೋದು, ಕಳ್ಕೊಂಡ ಟೈಮೂ 1.28 ರ ಹತ್ರ ಹೋಗುತ್ತೆ. ಇದು ಶೀಟಿನ ತಾಳೇಲಿ ಸಿಗಲಿಲ್ಲ ನೋಡಿ, ಯಾಕಂದ್ರೆ ಜಲ್ಲೆ ಜಲ್ಲೆ ನಡುವಿನ ಎಲ್ಲಾ ತುಂಡೂ ಒಂದೇ ಸಮ ಹಿಗ್ಗಿದೆ, ಒಳಗೊಳಗೇ ಹೊಂದ್ಕೊಂಡುಬಿಟ್ಟಿದೆ. ಹೊರಗಡೆ ಇರೋ ಒಂದು ಟೈಮ್ ಜೊತೆ ಹೋಲಿಸ್ಬೇಕು, ನಿಮ್ಮತ್ರ ಇರೋದು ಆ 13.6 ಮಾತ್ರ. ಅದು ಕೈಯಲ್ಲಿ ಒತ್ತಿದ್ದು, ಕೊನೇ 30 ಮೀಟರಲ್ಲಿ ಅವ್ಳು ಎಷ್ಟು ಇಳಿದ್ಲು ಅಂತಾನೂ ಗೊತ್ತಿಲ್ಲ, ಅದರಿಂದ ತೀರ್ಮಾನ ಮಾಡಕ್ಕಾಗಲ್ಲ.

ಮತ್ತೆ ಅಳೀವಾಗ ಹಿಂಗ್ ಮಾಡಿ. ಒಬ್ರು ಲೇನ್ ಮಧ್ಯೆ 10 ಮೀಟರ್ ಗುರುತಲ್ಲಿ ನಿಲ್ಲಲಿ. ನೀವು ಫೋನಲ್ಲಿ ನೋಡ್ತಾ, ಜಲ್ಲೆ ಹಿಡಿದೋರಿಗೆ ಆ ಕಡೆ ಈ ಕಡೆ ಅಂತ ಹೇಳಿ, ಜಲ್ಲೆ ಸರಿಯಾಗಿ ನಿಂತವ್ರ ಸೊಂಟದ ಮೇಲೆ ಬಂದಾಗ ಅಲ್ಲಿ ನೆಡಿ. ನೆಲದ ಮೇಲಿನ ಟೇಪ್ ಅಳತೆಗೆ ಅದು ಹೊಂದಲ್ಲ, ಹೊಂದಬಾರ್ದು. ಆರೂ ಜಲ್ಲೆಗೆ ಹಂಗೇ ಮಾಡಿ, 30 ಕ್ಕೆ ಸರಿಸೋ ಅಗತ್ಯ ಬರಲ್ಲ. ಫ್ರೇಮ್ ಎಣಿಸೋವಾಗ್ಲೂ ಸೊಂಟ ಜಲ್ಲೆ ದಾಟಿದ್ದನ್ನೇ ಹಿಡೀರಿ, ಒಂದ್ಸಲ ಕೈ ಇನ್ನೊಂದ್ಸಲ ತಲೆ ಅಂತ ಮಾಡ್ಬೇಡಿ.

ಮದ್ದೂರು_ಮಧು

ನಾನು ಎದೆ ನೋಡಿ ಎಣಿಸಿದ್ದೆ ಅಕ್ಕಾ. ಸರಿ, ಈ ಭಾನುವಾರ ಮತ್ತೆ ಹೋಗ್ತೀವಿ, ಮೂರು ಸಲ ಓಡಿಸ್ತೀನಿ, ನಡುವೆ ಚೆನ್ನಾಗಿ ಸುಧಾರಿಸ್ಕೊಳ್ಳೋಕೆ ಬಿಡ್ತೀನಿ. ತಂಗಿಗೆ ಇದನ್ನೆಲ್ಲಾ ಓದಿ ಹೇಳ್ದೆ, 20 ನೇ ಮೀಟರಿಗೇ 95 ಭಾಗ ಬಂದಿರುತ್ತೆ ಅಂದಾಗ, ಅಣ್ಣಾ ನಂಗೆ 20 ದಾಟಿದ್ಮೇಲೂ ಇನ್ನೂ ತಳ್ತಾನೇ ಇದೀನಿ ಅನ್ಸುತ್ತೆ ಅಂದ್ಲು. ಅದಕ್ಕೆ ಏನ್ ಹೇಳ್ಲಿ?

ಸುಮಾ_ಶ್ರೀರಂಗಪಟ್ಣ

ಅವ್ಳು ಹೇಳೋದು ಸರಿ ಇದೆ. 20 ರಿಂದ 35 ರ ನಡುವೆ ಸಿಗೋದು ಬರೀ 4 ಭಾಗ, ಆದ್ರೆ ಆ ಸ್ಪೀಡನ್ನ ಉಳಿಸ್ಕೊಳ್ಳೋಕೂ ಪ್ರತಿ ಹೆಜ್ಜೆಗೂ ನೆಲ ತಳ್ಳಲೇಬೇಕು. ತಳ್ಳೋದು ನಿಂತಿರಲ್ಲ, ಏರೋದು ಕಮ್ಮಿ ಆಗಿರುತ್ತೆ. ಹೊಸ ಸ್ಪ್ಲಿಟ್ ಬಂದ ತಕ್ಷಣ ಇಲ್ಲೇ ಹಾಕಿ, ಈ ಸಲ ಸಾಧ್ಯವಾದ್ರೆ 80 ರಲ್ಲೂ ಒಂದು ಜಲ್ಲೆ ನೆಡಿ.

ಓವಲ್_ರಾಜಣ್ಣ

ನಾನೂ ಬರ್ತೀನಿ ತಮ್ಮಾ, ಮೈಸೂರಿಂದ ಬೆಳಿಗ್ಗೆ ಮೊದಲ ಟ್ರೈನಿಗೆ. 60 ರ ಜಲ್ಲೆ ನಾನೇ ಹಿಡೀತೀನಿ.

ಪಾಂಡವಪುರದ_ಜವರಪ್ಪ

80 ಕ್ಕೆ ಜಲ್ಲೆ ನಂ ಗದ್ದೆದು ತಗಂಡೋಗಿ, ಉದ್ದಕ್ಕವೆ. ಹಂಗೇ ಆ ವಿಡಿಯೋ ತಗಿಯೋದು ನಂಗೂ ಒಸಿ ತೋರ್ಸಿಕೊಡಿ.